‘ಏಳೆಂಟು ವರ್ಷ’ ಅಂದಿದ್ದು ಕೇಸ್ ಶೀಟಲ್ಲಿ ‘8 ವರ್ಷ’ ಆದರೆ ಕ್ಲೇಮ್ ಹೋಯ್ತು ಅಂತಲೇ

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ‘ಏಳೆಂಟು ವರ್ಷ’ ಅಂದರೆ ಲೆಕ್ಕ ಅಲ್ಲ, ಮಾತು. ‘ಬಹಳ ದಿನದಿಂದ, ಸರಿಯಾಗಿ ಗೊತ್ತಿಲ್ಲ’ ಅನ್ನೋದನ್ನೇ ನಾವು ಹಾಗೆ ಹೇಳೋದು. ರಾತ್ರಿ ಹನ್ನೊಂದಕ್ಕೆ ಉಸಿರಾಡೋಕೆ ಕಷ್ಟ ಅಂತ ಅತ್ತೆಯನ್ನ ಆಸ್ಪತ್ರೆಗೆ ಕರ್ಕೊಂಡು ಬಂದ ಅಳಿಯನನ್ನ ಡ್ಯೂಟಿ ಡಾಕ್ಟರ್ ಕೇಳ್ತಾರೆ: ‘ಶುಗರ್ ಎಷ್ಟು ವರ್ಷದಿಂದ?’ ಅವನು ಗಾಬರಿಯಲ್ಲಿ ‘ಏಳೆಂಟು ವರ್ಷ ಆಗಿರ್ಬೇಕು ಸಾರ್’ ಅಂತಾನೆ. ಕೇಸ್ ಶೀಟಿಗೆ ‘ಡಯಾಬಿಟಿಸ್, 8 ವರ್ಷದಿಂದ’ ಅಂತ ಏರುತ್ತೆ. ಒಂದು ತಿಂಗಳ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ಬರುತ್ತೆ: ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದೀರಿ, ಕ್ಲೇಮ್ ತಿರಸ್ಕರಿಸಲಾಗಿದೆ.

ಇಂಥ ಪತ್ರಕ್ಕೆ ಜನ ಬರೆಯೋ ಉತ್ತರಗಳಲ್ಲಿ ಬಹಳಷ್ಟು ಬರೀ ಕಷ್ಟದ ಕತೆ. ಸಾಲ ಮಾಡಿ ಬಿಲ್ ಕಟ್ಟಿದೆವು, ಟೊಮೆಟೊಗೆ ರೇಟಿಲ್ಲ, ದಯವಿಟ್ಟು ಪರಿಶೀಲಿಸಿ. ಓದೋನಿಗೆ ಅದರಲ್ಲಿ ಹಿಡಿಯೋಕೆ ಏನೂ ಸಿಗೋದಿಲ್ಲ. ಅವನ ಮುಂದಿರೋದು ತಿರಸ್ಕಾರದ ಕಾರಣಗಳು, ಪ್ರತಿ ಕಾರಣಕ್ಕೂ ನಿಮ್ಮ ಉತ್ತರ ಏನು, ಯಾವ ಕಾಗದ ಇದೆ, ಅಷ್ಟೇ. ಒಂದು ಮಾದರಿ ಕ್ಲೇಮ್ ಇಟ್ಟುಕೊಂಡು ಇದನ್ನ ಪೂರ್ತಿ ನೋಡೋಣ.

ಚಿಂತಾಮಣಿ ಕಡೆಯ 52 ವರ್ಷದ ಹೆಂಗಸು. ಪಾಲಿಸಿ ಶುರುವಾಗಿದ್ದು 18 ಜೂನ್ 2019, ಮೊತ್ತ 3 ಲಕ್ಷ, 2022ರಲ್ಲಿ ಅದನ್ನ 5 ಲಕ್ಷಕ್ಕೆ ಏರಿಸಿದ್ದಾರೆ. ಪ್ರತಿ ವರ್ಷ ತಪ್ಪದೆ ನವೀಕರಣ, ಕೊನೆಯದು ಜೂನ್ 2024. ನವೆಂಬರ್ 9, 2024, ಶನಿವಾರ ರಾತ್ರಿ 11ಕ್ಕೆ ನ್ಯುಮೋನಿಯಾದಿಂದ ಖಾಸಗಿ ಆಸ್ಪತ್ರೆಗೆ ದಾಖಲು, 14ಕ್ಕೆ ಡಿಸ್ಚಾರ್ಜ್, ಬಿಲ್ 1,42,600 ರೂಪಾಯಿ. ತಿರಸ್ಕಾರಕ್ಕೆ ಮೂರು ಕಾರಣ ಕೊಟ್ಟಿದ್ದಾರೆ: ಸಕ್ಕರೆ ಕಾಯಿಲೆ ಮುಚ್ಚಿಟ್ಟಿದ್ದು, ದಾಖಲಾಗೋ ಅಗತ್ಯವೇ ಇರಲಿಲ್ಲ ಅನ್ನೋದು, 24 ಗಂಟೆಯೊಳಗೆ ತಿಳಿಸಲಿಲ್ಲ ಅನ್ನೋದು.

ಉತ್ತರ ಬರೆಯೋ ಮೊದಲು ಎರಡು ಕೆಲಸ. ತಿರಸ್ಕಾರ ಬರೀ ಎಸ್‌ಎಂಎಸ್‌ನಲ್ಲಿ ಬಂದಿದ್ದರೆ ಪೂರ್ತಿ ಪತ್ರ ಕೇಳಿ ತರಿಸ್ಕೊಳ್ಳಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ನಿರಾಕರಿಸಿದರು ಅಂತ ಅದರಲ್ಲಿ ಇರಲೇಬೇಕು. ಪತ್ರದಲ್ಲಿ ಕೊಟ್ಟ ಕಾರಣಗಳನ್ನ ಬಿಟ್ಟು ಹೊಸ ಕಾರಣಗಳನ್ನ ಆಮೇಲೆ ಎತ್ತೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಆ ಪತ್ರವೇ ನಿಮ್ಮ ಯುದ್ಧದ ಗಡಿ. ಎರಡನೇದು, ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿ ಮಾತ್ರ ಅಲ್ಲ, ಇಡೀ ಕೇಸ್ ಶೀಟಿನ ಪ್ರತಿ ತಗೊಳ್ಳಿ, ನರ್ಸಿಂಗ್ ಚಾರ್ಟ್ ಸಮೇತ. ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ವೃತ್ತಿ ನಿಯಮದಲ್ಲೇ ಇದೆ. ಬಾಯಲ್ಲಿ ಕೇಳಿದರೆ ‘ರೆಕಾರ್ಡ್ ರೂಮಿನವರು ರಜೆ’ ಅನ್ನೋ ಉತ್ತರ ಬರೋದು ಗ್ಯಾರಂಟಿ. ಅರ್ಜಿ ಬರೆದು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸ್ಕೊಳ್ಳಿ.

ಈಗ ಮೊದಲನೇ ಕಾರಣ. ಪತ್ರದ ತೂಕವೆಲ್ಲಾ ಇಲ್ಲೇ ಇರಬೇಕು.

ಆರೋಗ್ಯ ವಿಮೆಯಲ್ಲಿ ಮೊರಟೋರಿಯಂ ಅಂತ ಒಂದು ಷರತ್ತಿದೆ. ಪಾಲಿಸಿ ಎಡೆಬಿಡದೆ 60 ತಿಂಗಳು ಪೂರೈಸಿದ ಮೇಲೆ, ‘ನೀವು ಮಾಹಿತಿ ಮುಚ್ಚಿಟ್ಟಿರಿ, ತಪ್ಪು ಹೇಳಿದಿರಿ’ ಅನ್ನೋ ಕಾರಣಕ್ಕೆ ಕಂಪನಿ ಕ್ಲೇಮನ್ನ ಪ್ರಶ್ನಿಸೋ ಹಾಗಿಲ್ಲ. ವಂಚನೆ ಅಂತ ಸಾಬೀತಾದರೆ ಮಾತ್ರ ಪ್ರಶ್ನಿಸಬಹುದು. ಮೊದಲು ಇದು ಎಂಟು ವರ್ಷ ಇತ್ತು, ವಿಮಾ ನಿಯಂತ್ರಣ ಪ್ರಾಧಿಕಾರ ಅಂದರೆ ಐಆರ್‌ಡಿಎಐ ಏಪ್ರಿಲ್ 2024ರಿಂದ ಐದು ವರ್ಷಕ್ಕೆ ಇಳಿಸಿತು. ನಮ್ಮ ಉದಾಹರಣೆಯಲ್ಲಿ 60 ತಿಂಗಳು ಮುಗಿದಿದ್ದು 17 ಜೂನ್ 2024ಕ್ಕೆ, ಪಾಲಿಸಿ ನವೀಕರಣವಾಗಿದ್ದು ಹೊಸ ನಿಯಮ ಬಂದ ಮೇಲೆ, ಆಸ್ಪತ್ರೆ ಸೇರಿದ್ದು ಅದಾಗಿ ಸುಮಾರು ಐದು ತಿಂಗಳಿಗೆ.

ಇಲ್ಲೊಂದು ಕೊಕ್ಕೆ ಇದೆ. ಮೊತ್ತ ಏರಿಸಿದ್ದರೆ, ಏರಿಸಿದ ಭಾಗಕ್ಕೆ 60 ತಿಂಗಳ ಲೆಕ್ಕ ಏರಿಸಿದ ದಿನದಿಂದ ಶುರು. ಈ ಪಾಲಿಸಿಯಲ್ಲಿ ಮೊದಲ 3 ಲಕ್ಷಕ್ಕೆ ಮಾತ್ರ ರಕ್ಷಣೆ ಸಿಕ್ಕಿದೆ, 2022ರಲ್ಲಿ ಸೇರಿಸಿದ 2 ಲಕ್ಷಕ್ಕೆ ಇನ್ನೂ ಇಲ್ಲ. ಬಿಲ್ 1,42,600 ಆಗಿರೋದರಿಂದ ಅದು 3 ಲಕ್ಷದೊಳಗೇ ಬರುತ್ತೆ. ಇದನ್ನ ನೀವೇ ಪತ್ರದಲ್ಲಿ ಬರೆದುಬಿಡಿ, ಅವರು ಎತ್ತೋ ಮೊದಲೇ. ಬೇರೆ ಕಂಪನಿಯಿಂದ ಪೋರ್ಟ್ ಮಾಡಿಸಿಕೊಂಡಿದ್ದರೆ ಹಳೇ ಕಂಪನಿಯ ವರ್ಷಗಳೂ ಸೇರುತ್ತವೆ; ಆ ಹಳೇ ಪಾಲಿಸಿಗಳ ಪ್ರತಿಗಳನ್ನೂ ಲಗತ್ತಿಸಿ.

ಪತ್ರದ ಸಾಲು ಹೀಗಿರಲಿ: ‘ಪಾಲಿಸಿ 18-06-2019ರಿಂದ ನಿರಂತರವಾಗಿ ಜಾರಿಯಲ್ಲಿದೆ, ಆರು ವರ್ಷದ ಶೆಡ್ಯೂಲ್‌ಗಳು ಲಗತ್ತು 1ರಲ್ಲಿವೆ. ದಾಖಲಾದ ದಿನಕ್ಕೆ 60 ತಿಂಗಳು ಮುಗಿದಿತ್ತು. ನಿಮ್ಮ ಪತ್ರದಲ್ಲಿ ವಂಚನೆಯ ಆರೋಪವೂ ಇಲ್ಲ, ಪುರಾವೆಯೂ ಇಲ್ಲ. ಆದ್ದರಿಂದ ಮಾಹಿತಿ ಮುಚ್ಚಿಟ್ಟ ಕಾರಣ ಈ ಕ್ಲೇಮಿಗೆ ಅನ್ವಯಿಸದು.’

ಇಷ್ಟೇ ಸಾಕಾಗಬಹುದು, ಆದರೂ ನಿಜಾಂಶವನ್ನೂ ಹೇಳಬೇಕು. ಶುಗರ್ ಪತ್ತೆಯಾಗಿದ್ದು ಮಾರ್ಚ್ 2021ರಲ್ಲಿ ಅಂತಿಟ್ಟುಕೊಳ್ಳಿ, ಅಂದರೆ ಪಾಲಿಸಿ ಮಾಡಿಸಿದ ಎರಡು ವರ್ಷಕ್ಕೆ. ನವೆಂಬರ್ 2024ರಿಂದ ಹಿಂದಕ್ಕೆ 8 ವರ್ಷ ಎಣಿಸಿದರೆ 2016ಕ್ಕೆ ಹೋಗುತ್ತೆ, ಕಂಪನಿ ಹಿಡ್ಕೊಂಡಿರೋದು ಇದನ್ನೇ. ಇದಕ್ಕೆ ಉತ್ತರ 2021ರ ಮೊದಲ ಲ್ಯಾಬ್ ರಿಪೋರ್ಟ್, ಮಾತ್ರೆ ಶುರು ಮಾಡಿದ ಚೀಟಿ. 2019ಕ್ಕಿಂತ ಹಿಂದಿನ ನಾರ್ಮಲ್ ಶುಗರ್ ರಿಪೋರ್ಟ್ ಒಂದು ಸಿಕ್ಕಿಬಿಟ್ಟರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಕಣ್ಣಿನ ಪೊರೆ ಆಪರೇಷನ್ನಿಗೆ, ಗರ್ಭಕೋಶದ ಆಪರೇಷನ್ನಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿರ್ತಾರೆ. ಬೀರುವಿನ ಹಳೇ ಕವರ್‌ಗಳಲ್ಲಿ ಹುಡುಕಿ. ಎಚ್‌ಬಿಎ1ಸಿ ರಿಪೋರ್ಟನ್ನ ಮಾತ್ರ ನಂಬ್ಕೊಂಡು ಕೂರಬೇಡಿ. ಅದು ಹೇಳೋದು ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆ ಮಟ್ಟವನ್ನ. ಕಾಯಿಲೆ ಎಷ್ಟು ವರ್ಷದ್ದು ಅಂತ ಅದರಿಂದ ನೀವೂ ಸಾಬೀತು ಮಾಡೋಕೆ ಆಗಲ್ಲ, ಅವರೂ ಮಾಡೋಕೆ ಆಗಲ್ಲ.

ಜೊತೆಗೆ ಚಿಕಿತ್ಸೆ ಕೊಟ್ಟ ಡಾಕ್ಟರರಿಂದ ಒಂದು ಸ್ಪಷ್ಟನೆ ಪತ್ರ: ಕಾಯಿಲೆಯ ಅವಧಿಯನ್ನ ಜೊತೆಗೆ ಬಂದವರು ಬಾಯಲ್ಲಿ ಹೇಳಿದಂತೆ ಬರೆದುಕೊಂಡಿದ್ದು, ದಾಖಲೆ ನೋಡಿ ಬರೆದಿದ್ದಲ್ಲ ಅಂತ. ಅದರಲ್ಲಿ ತಾರೀಖು, ಸಹಿ, ನೋಂದಣಿ ಸಂಖ್ಯೆ ಇರಲಿ. ಕೇಸ್ ಶೀಟನ್ನೇ ತಿದ್ದಿಸೋಕೆ ಮಾತ್ರ ಹೋಗಬೇಡಿ. ಅದರ ಪ್ರತಿ ಆಗಲೇ ಕಂಪನಿ ಹತ್ತಿರ ಇರುತ್ತೆ, ಎರಡಕ್ಕೂ ತಾಳೆಯಾಗದಿದ್ದರೆ ಅವರಿಗೆ ಬೇಕಿದ್ದ ‘ವಂಚನೆ’ಯನ್ನ ನೀವೇ ಕೈಗೆ ಕೊಟ್ಟ ಹಾಗೆ. ಕಾಯಿಲೆ ನಿಜವಾಗಿ 2016ರಿಂದಲೇ ಇದ್ದರೆ ಈ ಎರಡನೇ ವಾದವನ್ನ ಮುಟ್ಟಲೇಬೇಡಿ, ಮೊರಟೋರಿಯಂ ಒಂದರ ಮೇಲೇ ನಿಲ್ಲಿ.

‘ಶುಗರ್‌ಗೂ ನ್ಯುಮೋನಿಯಾಗೂ ಏನು ಸಂಬಂಧ?’ ಅಂತ ಬರೆಯೋರು ಬಹಳ. ನನ್ನ ಕೇಳಿದರೆ ಅದನ್ನ ಬರೀಲೇಬಾರದು. ಸಕ್ಕರೆ ಕಾಯಿಲೆ ಇರೋರಿಗೆ ಸೋಂಕು ಬೇಗ ತಗಲುತ್ತೆ ಅಂತ ಕಂಪನಿ ಡಾಕ್ಟರ್ ಒಂದೇ ಸಾಲಲ್ಲಿ ಹೊಡೆದು ಹಾಕ್ತಾರೆ, ನಿಮ್ಮ ಗಟ್ಟಿ ವಾದವೂ ಅದರ ಜೊತೆ ಸಡಿಲ ಕಾಣುತ್ತೆ.

ಎರಡನೇ ಕಾರಣ: ಹೊರರೋಗಿಯಾಗಿ ಮಾತ್ರೆ ತಗೊಂಡಿದ್ದರೆ ಸಾಕಿತ್ತು ಅನ್ನೋದು. ಕಂಪನಿ ಇಲ್ಲಿಗೆ ಹೇಗೆ ಬಂತು ಅಂತ ಹುಡುಕಿದರೆ ಸಾಮಾನ್ಯವಾಗಿ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಆಕ್ಸಿಜನ್ 96’ ಅಂತ ಒಂದು ಸಂಖ್ಯೆ ಕಾಣುತ್ತೆ. 96 ಇದ್ದೋರಿಗೆ ಅಡ್ಮಿಷನ್ ಯಾಕೆ ಅನ್ನೋದು ಅವರ ಪ್ರಶ್ನೆ. ಆ 96 ಮನೆಗೆ ಕಳಿಸೋ ದಿನದ್ದೋ, ಆಕ್ಸಿಜನ್ ಹಾಕಿದ ಮೇಲಿನದ್ದೋ ಆಗಿರುತ್ತೆ. ನರ್ಸಿಂಗ್ ಚಾರ್ಟ್ ಬೇಕು ಅಂದಿದ್ದು ಇದಕ್ಕೇ. ಅದರ ಮೊದಲ ಪುಟದಲ್ಲಿ ಬಂದ ಹೊತ್ತಿನ ಲೆಕ್ಕ ಇರುತ್ತೆ: ರಾತ್ರಿ 11.10, ಆಕ್ಸಿಜನ್ ಇಲ್ಲದೆ 87, ನಿಮಿಷಕ್ಕೆ 32 ಉಸಿರು. ಆಮೇಲೆ ಎಷ್ಟು ಲೀಟರ್ ಆಕ್ಸಿಜನ್ ಕೊಟ್ಟರು, ಯಾವ ದಿನ ತೆಗೆದರು, ನರಕ್ಕೆ ಆಂಟಿಬಯೋಟಿಕ್ ಎಷ್ಟು ಹೊತ್ತಿಗೊಮ್ಮೆ ಎಷ್ಟು ದಿನ ಹೋಯ್ತು, ಎಲ್ಲ ಅಲ್ಲೇ ಸಿಗುತ್ತೆ. ಪತ್ರದಲ್ಲಿ ಚಾರ್ಟಿನ ಪುಟದ ನಂಬರ್ ಹಾಕಿ ಈ ನಾಲ್ಕು ಅಂಶ ಬರೆಯಿರಿ, ಎದೆ ಎಕ್ಸ್‌ರೇ ರಿಪೋರ್ಟ್ ಲಗತ್ತಿಸಿ. ಆಕ್ಸಿಜನ್ 90ಕ್ಕಿಂತ ಕೆಳಗಿದ್ದೋರನ್ನ ಮಾತ್ರೆ ಕೊಟ್ಟು ಚಿಂತಾಮಣಿ ಬಸ್ ಹತ್ತಿಸೋ ಡಾಕ್ಟರ್ ಇರೋದಿಲ್ಲ.

ಚಾರ್ಟಿನಲ್ಲಿ ಎಲ್ಲವೂ ಸಹಜ, ಇದ್ದಷ್ಟು ದಿನವೂ ಬರೀ ಮಾತ್ರೆ ಮತ್ತು ಪರೀಕ್ಷೆ ಅಂತ ಇದ್ದರೆ ಮಾತ್ರ ಈ ಕಾರಣವನ್ನ ಉರುಳಿಸೋದು ಕಷ್ಟ. ಬರೀ ಪರೀಕ್ಷೆಗೋಸ್ಕರ ದಾಖಲಾಗಿದ್ದಕ್ಕೆ ಹಣವಿಲ್ಲ ಅಂತ ಪಾಲಿಸಿಗಳಲ್ಲೇ ಇರುತ್ತೆ.

ಮೂರನೇದು ತಡ. ಇದಕ್ಕೆ ಅರ್ಧ ಪುಟ ಬೇಡ. ಶನಿವಾರ ರಾತ್ರಿ 11ಕ್ಕೆ ದಾಖಲು, ಸೋಮವಾರ ಬೆಳಗ್ಗೆ 11ಕ್ಕೆ ಫೋನು. ಒಟ್ಟು 36 ಗಂಟೆ, ತಡ ಆಗಿದ್ದು 12 ಗಂಟೆ. ತಪ್ಪಿಸಲಾಗದ ಕಾರಣಕ್ಕೆ ತಡವಾದ ಸಾಚಾ ಕ್ಲೇಮನ್ನ ಬರೀ ತಡದ ನೆಪದಲ್ಲಿ ತಿರಸ್ಕರಿಸಬಾರದು ಅಂತ ನಿಯಂತ್ರಣ ಪ್ರಾಧಿಕಾರ 20 ಸೆಪ್ಟೆಂಬರ್ 2011ರ ಸುತ್ತೋಲೆಯಲ್ಲೇ ಹೇಳಿದೆ. ಸುತ್ತೋಲೆಯ ತಾರೀಖು ಹಾಕಿ, ತಡಕ್ಕೆ ಕಾರಣ ಒಂದು ವಾಕ್ಯದಲ್ಲಿ ಹೇಳಿ, ‘ಈ 12 ಗಂಟೆಯಿಂದ ನಿಮ್ಮ ಪರಿಶೀಲನೆಗೆ ಆದ ಅಡ್ಡಿ ಏನು?’ ಅಂತ ಕೇಳಿ. ಸೋಮವಾರ ರೋಗಿ ಇನ್ನೂ ಹಾಸಿಗೆ ಮೇಲೇ ಇದ್ದರು, ಬಂದು ನೋಡಬಹುದಿತ್ತು. ಕಾಲ್ ಲಾಗಿನ ಸ್ಕ್ರೀನ್‌ಶಾಟ್ ಇಡಿ.

ಕೊನೆಗೆ ಎರಡು ಪ್ರಶ್ನೆ ಸೇರಿಸಿ: ಈ ತಿರಸ್ಕಾರಕ್ಕೆ ನಿಮ್ಮ ಕ್ಲೇಮ್ ಪರಿಶೀಲನಾ ಸಮಿತಿ ಒಪ್ಪಿಗೆ ಕೊಟ್ಟಿದೆಯೇ, ಯಾವ ದಿನ? ಐಆರ್‌ಡಿಎಐನ 2024ರ ಸುತ್ತೋಲೆ ಪ್ರಕಾರ ಸಮಿತಿ ಒಪ್ಪದೆ ತಿರಸ್ಕರಿಸೋ ಹಾಗಿಲ್ಲ. ಕೇಳೋದು ಕೂಡ ಲೆಕ್ಕವಾಗಿರಲಿ. ‘1,42,600 ಪೂರ್ತಿ ಕೊಡಿ’ ಅನ್ನಬೇಡಿ, ಗ್ಲೌಸು, ಮಾಸ್ಕಿನಂಥವು ಹೆಚ್ಚಿನ ಪಾಲಿಸಿಗಳಲ್ಲಿ ಕಳೀತವೆ. ‘ಪಾಲಿಸಿ ಪ್ರಕಾರ ಸಲ್ಲಬೇಕಾದ ಹಣ, ತಡವಾದ ದಿನಗಳಿಗೆ ಬ್ಯಾಂಕ್ ದರದ ಮೇಲೆ ಶೇ. 2 ಬಡ್ಡಿ ಸೇರಿಸಿ’ ಅಂತ ಬರೆಯಿರಿ.

ಪತ್ರ ಹೋಗಬೇಕಾಗಿದ್ದು ಏಜೆಂಟಿಗಲ್ಲ, ಕಂಪನಿ ಪರವಾಗಿ ಕ್ಲೇಮ್ ಕಾಗದ ನೋಡೋ ಟಿಪಿಎ ಸಂಸ್ಥೆಗೂ ಅಲ್ಲ, ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಅವರ ಇಮೇಲ್ ಪಾಲಿಸಿ ಪುಸ್ತಕದಲ್ಲಿ ಇರುತ್ತೆ. bimabharosa.irdai.gov.in ನಲ್ಲೂ ದಾಖಲಿಸಿ, ಟೋಕನ್ ನಂಬರ್ ಇಟ್ಕೊಳ್ಳಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಮತ್ತೆ ಇಲ್ಲ ಅಂದರೆ, ವಿಮೆಯ ದೂರು ಕೇಳಿ ತೀರ್ಮಾನ ಕೊಡೋ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಿ. 50 ಲಕ್ಷದವರೆಗಿನ ವಿವಾದ ಅಲ್ಲಿ ನಡೆಯುತ್ತೆ, ಶುಲ್ಕ ಇಲ್ಲ, ವಕೀಲರಿಗೆ ಪ್ರವೇಶ ಇಲ್ಲ, ತಿರಸ್ಕಾರದ ಒಂದು ವರ್ಷದೊಳಗೆ ಹೋಗಬೇಕು. ಅದೇ ವಿಷಯವನ್ನ ಆಗಲೇ ಗ್ರಾಹಕ ಆಯೋಗಕ್ಕೆ ಹಾಕಿದ್ದರೆ ಒಂಬುಡ್ಸ್‌ಮನ್ ಮುಟ್ಟೋದಿಲ್ಲ, ಆದ್ದರಿಂದ ಮೊದಲು ಇಲ್ಲಿ. ಒಂಬುಡ್ಸ್‌ಮನ್‌ಗೆ ಹೊಸದಾಗಿ ಏನೂ ಬರೀಬೇಕಿಲ್ಲ. ಕಂಪನಿಗೆ ಕಳಿಸಿದ ಇದೇ ಪತ್ರ, ಇದೇ ಲಗತ್ತುಗಳು, ಮೇಲೊಂದು ಅವರ ಫಾರ್ಮ್.