ಪರಿಚಯದ ಮೇಲ್ ಕಳಿಸೋ ಮುಂಚೆ, ಕೇಳಿದವರನ್ನೂ ಒಮ್ಮೆ ಕೇಳಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಪರಿಚಯ ಮಾಡಿಸೋದು ಬಹಳ ಸಲೀಸು. "ನಂಬರ್ ತಗೋರಿ, ನನ್ನ ಹೆಸರು ಹೇಳ್ರಿ, ಕೆಲಸ ಆಗ್ತೈತಿ" ಅಂದರೆ ಮುಗೀತು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಕಡೆ ಫೋನ್ ಎತ್ತುವವರಿಗೆ ಯಾರು, ಯಾಕೆ ಅನ್ನೋದು ಗೊತ್ತಿರಲ್ಲ. ಪರಿಚಯದವರ ಹೆಸರು ಬಂದ ಮೇಲೆ ಇಲ್ಲ ಅನ್ನೋಕೂ ಬಾಯಿ ಬರಲ್ಲ. ಹೀಗೆ ಶುರುವಾದ ಮಾತು ಹೆಚ್ಚಾಗಿ "ನೋಡೋಣ ತಗೋರಿ" ಅನ್ನೋದ್ರಲ್ಲೇ ನಿಲ್ಲುತ್ತೆ.

ನಾನು ಹುಬ್ಬಳ್ಳಿಯಲ್ಲಿ ಲೆಕ್ಕಪತ್ರ, ಜಿಎಸ್‌ಟಿ ಕೆಲಸ ಮಾಡುತ್ತೇನೆ. ಸಣ್ಣ ಉದ್ದಿಮೆಯವರು ಜಾಸ್ತಿ ಬರುತ್ತಾರೆ. "ಇಂಥವರು ಯಾರಾದ್ರೂ ಗೊತ್ತಾ?" ಅಂತ ಕೇಳೋದು ದಿನದ ಮಾತು. ಇಬ್ಬರನ್ನೂ ಮೊದಲೇ ಕೇಳಿ, ಆಮೇಲೆ ಮೇಲ್‌ನಲ್ಲಿ ಪರಿಚಯ ಮಾಡಿಸಬೇಕು ಅನ್ನೋದು ಈಗ ಸುಮಾರು ಜನರಿಗೆ ಗೊತ್ತಿದೆ. ಆದರೆ 'ಇಬ್ಬರನ್ನೂ' ಅಂದರೂ ನಾವು ಕೇಳೋದು ಒಬ್ಬರನ್ನೇ, ದೊಡ್ಡವರನ್ನು. ಪರಿಚಯ ಬೇಕು ಅಂತ ಬಂದವರು ಒಪ್ಪಿಯೇ ಇದ್ದಾರೆ ಅಂದುಕೊಳ್ಳುತ್ತೇವೆ. ಅವರು ಒಪ್ಪಿರೋದು ತಮಗೆ ಬೇಕಾದ್ದಕ್ಕೆ ಮಾತ್ರ. ಎದುರಿನವರು ಏನು ಕೇಳಬಹುದು ಅನ್ನೋದು ಅವರಿಗಿನ್ನೂ ಗೊತ್ತೇ ಇರಲ್ಲ.

ಇತ್ತೀಚೆಗೆ ಮಾಡಿಸಿದ ಒಂದು ಪರಿಚಯವನ್ನೇ ಹೇಳ್ತೀನಿ. ಇಬ್ಬರ ಹೆಸರು ಬೇಡ. ಹಾವೇರಿ ಜಿಲ್ಲೆಯ ಒಂದು ರೈತ ಉತ್ಪಾದಕ ಕಂಪನಿಯ ಮ್ಯಾನೇಜರ್ ಬಂದಿದ್ದರು. ಅವರದು ಬ್ಯಾಡಗಿ ಮೆಣಸಿನಕಾಯಿ. ಹೊರದೇಶಕ್ಕೆ ಕಳಿಸುವ ಒಬ್ಬ ಖರೀದಿದಾರ ಬಣ್ಣ ಎಷ್ಟಿದೆ ಅಂತ ಅಳೆಯುವ ಆಸ್ಟಾ ಮೌಲ್ಯ ಎಷ್ಟು, ಅಫ್ಲಾಟಾಕ್ಸಿನ್ ಎಷ್ಟು ಅಂತ ರಿಪೋರ್ಟ್ ಕೇಳಿದ್ದ. ಬ್ಯಾಡಗಿಗೆ ಬಣ್ಣದ ಚಿಂತೆ ಇಲ್ಲ. ಖಾರ ಕಡಿಮೆ, ಬಣ್ಣ ಜಾಸ್ತಿ ಅಂತಲೇ ಅದಕ್ಕೆ ಹೆಸರು. ಚಿಂತೆ ಇರೋದು ಒಣಗಿಸೋದರಲ್ಲಿ. ಕಾಯಿ ಸರಿಯಾಗಿ ಒಣಗದೆ ಚೀಲ ಸೇರಿದರೆ ಬೂಸ್ಟು ಹಿಡಿಯುತ್ತೆ. ಕೆಲವು ಬಗೆಯ ಬೂಸ್ಟಿನಿಂದ ಬರುವ ವಿಷವೇ ಅಫ್ಲಾಟಾಕ್ಸಿನ್. ಯುರೋಪಿನಲ್ಲಿ ಒಣ ಮೆಣಸಿನಕಾಯಿಗೆ ಇದರ ಮಿತಿ ಕೆಜಿಗೆ ಒಟ್ಟು 10 ಮೈಕ್ರೋಗ್ರಾಂ. ಅದು ದಾಟಿದರೆ ಬಣ್ಣ ಎಷ್ಟೇ ಚೆನ್ನಾಗಿರಲಿ, ಮಾಲು ವಾಪಸ್.

ಇದೇ ವಿಷಯದಲ್ಲಿ ಕೆಲಸ ಮಾಡಿರುವ ಒಬ್ಬ ಮೇಡಂ ಧಾರವಾಡದಲ್ಲಿದ್ದಾರೆ, ನನಗೆ ಪರಿಚಯ. ಮ್ಯಾನೇಜರ್ "ನಂಬರ್ ಕೊಡ್ರಿ ಮೇಡಂ, ಸಾಕು" ಅಂದರು. ನಾನು ಕೊಡಲಿಲ್ಲ. ಬದಲಿಗೆ, ನಿಮಗೆ ಏನು ಬೇಕು ಅಂತ ನಾಲ್ಕು ಸಾಲು ಬರೆದು ಕಳಿಸಿ, ಅದನ್ನೇ ಅವರಿಗೆ ಕಳಿಸ್ತೀನಿ ಅಂದೆ. ಬೇಕಾದವರೇ ಬರೆದರೆ ವಿಷಯ ಸರಿಯಾಗಿ ಬರುತ್ತೆ. ಮಧ್ಯದವರು ತಮ್ಮ ಮಾತಲ್ಲಿ ಹೇಳೋಕೆ ಹೋದರೆ ಒಂದಕ್ಕೆರಡು ಸೇರುತ್ತೆ.

ಆ ಸಾಲುಗಳ ಜೊತೆ ಮೇಡಂಗೆ ಬರೆದೆ: "ಈಗ ಪುರುಸೊತ್ತಿಲ್ಲ ಅಂದರೆ ಹಾಗೇ ಹೇಳಿ. ನಿಮ್ಮ ಹೆಸರನ್ನು ನಾನಿನ್ನೂ ಅವರಿಗೆ ಹೇಳಿಲ್ಲ." ಈ ಕೊನೆಯ ಮಾತು ಇಲ್ಲದಿದ್ದರೆ ಕೇಳಿದ್ದೇ ಲೆಕ್ಕಕ್ಕೆ ಬರಲ್ಲ. ಹೆಸರು ಆಗಲೇ ಕೊಟ್ಟಾಗಿದೆ ಅಂತ ಗೊತ್ತಾದರೆ ಬೇಡ ಅನ್ನೋಕೆ ದಾರಿ ಎಲ್ಲಿದೆ?

ಮೇಡಂ ಒಪ್ಪಿದರು, ಆದರೆ ಕೆಲವು ಮಾತು ಹೇಳಿದರು. ಮೊದಲು ಮೇಲ್‌ನಲ್ಲೇ ಮಾತಾಡೋಣ, ಫೋನ್ ಬೇಡ. ಸರ್ಟಿಫಿಕೇಟ್ ತಾವು ಕೊಡಲ್ಲ, ಅದಕ್ಕೆ ಮಾನ್ಯತೆ ಪಡೆದ ಲ್ಯಾಬ್‌ಗೇ ಹೋಗಬೇಕು. ಇನ್ನೊಂದು, ತಮಗೆ ಮೂಲ ಗೊತ್ತಿರುವ ಸ್ಯಾಂಪಲ್ ಬೇಕಾಗಿದೆ. ಮಾರುಕಟ್ಟೆಯ ಚೀಲದಲ್ಲಿ ನಾಲ್ಕು ಊರಿನ ಕಾಯಿ ಕಲೆತಿರುತ್ತೆ. ಯಾವುದನ್ನು ಮಣ್ಣಿನ ಮೇಲೆ ಒಣಗಿಸಿದ್ದಾರೆ, ಯಾವುದನ್ನು ತಾಡಪಾಲಿನ ಮೇಲೆ ಅನ್ನೋದು ತಿಳಿಯಲ್ಲ. ಈ ರೈತರ ಕಣಕ್ಕೇ ಬಂದು ಕಾಯಿ ತಗೊಂಡು ಹೋಗಬಹುದಾ ಅಂತ ಕೇಳಿದರು.

ಇಲ್ಲಿಗೆ ಹೆಚ್ಚಿನವರು "ಅವರು ಹೂಂ ಅಂದರು" ಅಂತ ಇಬ್ಬರಿಗೂ ಮೇಲ್ ಕಳಿಸಿಬಿಡುತ್ತಾರೆ. ನಾನು ಮ್ಯಾನೇಜರ್‌ನ ಮತ್ತೆ ಕೇಳಿದೆ. ಸಲಹೆ ಸಿಗುತ್ತೆ, ಆದರೆ ಅವರು ನಿಮ್ಮ ಕಣದಿಂದ ಸ್ಯಾಂಪಲ್ ಒಯ್ಯುತ್ತಾರೆ, ಫಲಿತಾಂಶ ಕೆಟ್ಟದ್ದೂ ಬರಬಹುದು, ಒಪ್ಪಿಗೆ ಇದೆಯಾ ಅಂತ. ಅವರು ತಕ್ಷಣ ಹೂಂ ಅನ್ನಲಿಲ್ಲ. "ಡೈರೆಕ್ಟರ್‌ನ ಕೇಳಿ ಹೇಳ್ತೀನಿರಿ" ಅಂದರು. ಎರಡು ದಿನ ಬಿಟ್ಟು ಉತ್ತರ ಬಂತು: ಸ್ಯಾಂಪಲ್ ಕೊಡ್ತೀವಿ, ಆದರೆ ಫಲಿತಾಂಶ ನಮ್ಮನ್ನು ಕೇಳದೆ ಖರೀದಿದಾರರ ಕಡೆ ಹೋಗಬಾರದು. ಎಷ್ಟು ಸರಿಯಾದ ಮಾತು, ಅಲ್ವಾ? ಕೇಳದೇ ಇದ್ದಿದ್ದರೆ ಇದು ಕಣದಲ್ಲಿ ನಿಂತಾಗ ಜಗಳವಾಗಿ ಬರುತ್ತಿತ್ತು. ಈ ಷರತ್ತನ್ನು ಮೇಡಂಗೆ ತಿಳಿಸಿದೆ, ಅವರೂ ಒಪ್ಪಿದರು. ಆಮೇಲೆ ಪರಿಚಯದ ಮೇಲ್ ಬರೆದೆ. ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ:

ವಿಷಯ: ಪರಿಚಯ – ಹಾವೇರಿ ರೈತ ಕಂಪನಿ, ಧಾರವಾಡದ ಮೇಡಂ (ಮೆಣಸಿನಕಾಯಿ ಒಣಗಿಸುವ ವಿಚಾರ)

"ಮೇಡಂ, ಸರ್, ಇಬ್ಬರಿಗೂ ನಮಸ್ಕಾರ. ನಿಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೆ. ಇಬ್ಬರೂ ಒಪ್ಪಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೇಡಂ, ಇವರ ರೈತರು ಬ್ಯಾಡಗಿ ಕಡ್ಡಿ, ಡಬ್ಬಿ ಎರಡನ್ನೂ ಬೆಳೆಯುತ್ತಾರೆ. ಯಾವ ಹೊಲದ ಕಾಯಿ ಯಾವ ಕಣದಲ್ಲಿ ಎಷ್ಟು ದಿನ ಒಣಗಿತು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ನೀವು ಹುಡುಕುತ್ತಿದ್ದ ಸ್ಯಾಂಪಲ್ ಇಲ್ಲಿ ಸಿಗುತ್ತದೆ.

ಸರ್, ಕಾಯಿಗೆ ಬೂಸ್ಟು ಎಲ್ಲಿಂದ ಬರುತ್ತದೆ, ಒಣಗಿಸುವಾಗ ಏನು ಬದಲಿಸಬೇಕು ಅನ್ನುವುದನ್ನು ಮೇಡಂ ನಿಮ್ಮ ಕಣ ನೋಡಿ ಹೇಳಬಲ್ಲರು. ಸರ್ಟಿಫಿಕೇಟ್ ಮಾತ್ರ ಲ್ಯಾಬ್‌ನಿಂದಲೇ ಪಡೆಯಬೇಕು.

ಮೊದಲ ಮಾತು ಮೇಲ್‌ನಲ್ಲೇ ಇರಲಿ. ಸ್ಯಾಂಪಲ್‌ನ ಫಲಿತಾಂಶ ಕಂಪನಿ ಒಪ್ಪದೆ ಹೊರಗೆ ಹೋಗುವುದಿಲ್ಲ. ಸರ್, ಮುಂದಿನ ಮೇಲ್ ನೀವು ಬರೆಯಿರಿ."

ಇಷ್ಟೇ. ಇಬ್ಬರ ವಿಳಾಸವೂ 'ಟು' ಜಾಗದಲ್ಲೇ ಇತ್ತು. ಒಬ್ಬರನ್ನು ಸಿಸಿಗೆ ಹಾಕಿದರೆ ಅವರು ಸುಮ್ನೆ ನೋಡೋಕೆ ಇರುವವರ ಹಾಗೆ ಕಾಣುತ್ತೆ. ಫೋನ್ ನಂಬರ್ ಹಾಕಲಿಲ್ಲ, ಮೇಡಂ ಒಪ್ಪಿದ್ದು ಮೇಲ್‌ಗೆ ಮಾತ್ರ. ಹೊಗಳಿಕೆಯನ್ನೂ ಬಿಟ್ಟೆ. "ಇವರು ಬಹಳ ದೊಡ್ಡ ವಿಜ್ಞಾನಿ, ನಿಮ್ಮ ಸಮಸ್ಯೆ ಪೂರ್ತಿ ಬಗೆಹರಿಸ್ತಾರೆ" ಅಂತ ಬರೆದರೆ ಅವರು ಕೊಡದ ಭರವಸೆಯನ್ನು ನಾನು ಕೊಟ್ಟ ಹಾಗಾಗುತ್ತೆ.

ಬರೆಯುವಾಗ ನಾನು ನೋಡಿಕೊಳ್ಳೋದು ಇನ್ನೊಂದಿದೆ. ಇವರಿಗೆ ಯಾಕೆ, ಅವರಿಗೆ ಯಾಕೆ ಅನ್ನೋ ಎರಡು ಕಾರಣ ಬೇರೆ ಬೇರೆ ಇರಬೇಕು. "ಇಬ್ಬರೂ ಆಹಾರದ ಕ್ಷೇತ್ರದವರು, ಮಾತಾಡಿದರೆ ಒಳ್ಳೆಯದು" ಅನ್ನೋದು ಕಾರಣವೇ ಅಲ್ಲ. ಒಬ್ಬರಿಗೆ ಮಾತ್ರ ಲಾಭ ಇದ್ದರೆ ಅದನ್ನು ಮುಚ್ಚಬಾರದು. ಆಗ ಅದು ಪರಿಚಯವಲ್ಲ, ಸಹಾಯ. ಆ ದೊಡ್ಡವರನ್ನು ನೇರವಾಗಿ "ಒಂದು ಉಪಕಾರ ಮಾಡ್ತೀರಾ?" ಅಂತಲೇ ಕೇಳಬೇಕು.

ಮ್ಯಾನೇಜರ್ ಮಾರನೇ ದಿನವೇ ರಿಪ್ಲೈ ಆಲ್ ಒತ್ತಿ ಬರೆದರು. ನನಗೆ ಒಂದು ಸಾಲಿನ ಥ್ಯಾಂಕ್ಸ್ ಹೇಳಿ, ನನ್ನನ್ನು ಬಿಸಿಸಿಗೆ ಸರಿಸಿದ್ದರು. ಇದನ್ನು ನಾನೇ ಮೊದಲು ಹೇಳಿಕೊಟ್ಟಿದ್ದೆ. ಆ ಒಂದು ಮೇಲ್ ನನಗೆ ಬರುತ್ತೆ, ಮಾತು ಶುರುವಾಗಿದ್ದು ತಿಳಿಯುತ್ತೆ. ಅದಕ್ಕೆ ಮೇಡಂ ಕೊಡುವ ಉತ್ತರ ನನ್ನ ತನಕ ಬರಲ್ಲ, ಬರಬಾರದು ಕೂಡ. ಸ್ಯಾಂಪಲ್, ದರ, ಕಣದ ವಿಷಯ ಅವರಿಬ್ಬರದು.

ಮೇಡಂ ಬೇಡ ಅಂದಿದ್ದರೆ? ಮ್ಯಾನೇಜರ್‌ಗೆ "ನನಗೆ ಗೊತ್ತಿದ್ದವರಿಗೆ ಈಗ ಆಗಲ್ಲ ಅಂತ್ರಿ" ಅಂತ ಹೇಳುತ್ತಿದ್ದೆ. ಯಾರು, ಯಾಕೆ ಅಂತ ಹೇಳುತ್ತಿರಲಿಲ್ಲ. ಒಪ್ಪಿದ ಮೇಲೂ ನಾನು ಮೇಲ್ ಕಳಿಸೋಕೆ ಒಂದು ತಿಂಗಳು ತಡ ಮಾಡಿದ್ದರೆ ಇಬ್ಬರನ್ನೂ ಮತ್ತೆ ಕೇಳಬೇಕಾಗುತ್ತಿತ್ತು. ಆಗ ಕಾಯಿ ಕಣಕ್ಕೆ ಬಂದಿರುತ್ತೆ, ಯಾರಿಗೂ ಪುರುಸೊತ್ತು ಇರಲ್ಲ.