ಮಡಕೆ ಹೊತ್ತ ರಾಮಕೃಷ್ಣ, ಕಣ್ಣು ಕಳೆದುಕೊಂಡ ತಿಮ್ಮರಸು

“ಬುದ್ಧಿವಂತ ಮಂತ್ರಿಯ ಮುಂದೆ ರಾಜನ ಬಲ ನಡೆಯುವುದಿಲ್ಲ.”

ಈ ಮಾತನ್ನು ನಾನು ಒಪ್ಪುವುದಿಲ್ಲ. ತೆನಾಲಿ ರಾಮಕೃಷ್ಣನ ಮಡಕೆಯ ಕಥೆಯನ್ನೇ ನೋಡಿ. “ನಾಳೆಯಿಂದ ನಿನ್ನ ಮುಖ ತೋರಿಸಬೇಡ” ಎಂದು ಕೃಷ್ಣದೇವರಾಯ ಸಿಟ್ಟಿನಲ್ಲಿ ಹೇಳುತ್ತಾನೆ. ಮರುದಿನ ರಾಮಕೃಷ್ಣ ತಲೆಗೆ ಮಡಕೆ ಕವುಚಿಕೊಂಡು ಸಭೆಗೆ ಬರುತ್ತಾನೆ. ಆಜ್ಞೆ ಮೀರಿಲ್ಲ, ಮುಖವೂ ಕಾಣುತ್ತಿಲ್ಲ! ಇಲ್ಲಿ ರಾಜನ ಬಲ ಸೋತಿಲ್ಲ. ತಾನಾಡಿದ ಮಾತಿಗೆ ರಾಜ ಬದ್ಧ, ತುಂಬಿದ ಸಭೆ ಅದಕ್ಕೆ ಸಾಕ್ಷಿ. ಅದರೊಳಗೆ ಉಳಿದಿದ್ದ ಸಣ್ಣ ಸಂದನ್ನು ರಾಮಕೃಷ್ಣ ಹಿಡಿದ, ಅಷ್ಟೇ. ರಾಜ ನಗದೆ ಭಟರನ್ನು ಕರೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಅಂದಹಾಗೆ, ಕಥೆಗಳ ರಾಮಕೃಷ್ಣ ವಿಕಟಕವಿ, ಮಂತ್ರಿಯಲ್ಲ. ಮಂತ್ರಿ ತಿಮ್ಮರಸು. ರಾಯನನ್ನು ಪಟ್ಟಕ್ಕೆ ತಂದ, ರಾಯ ‘ಅಪ್ಪಾಜಿ’ ಎಂದೇ ಕರೆಯುತ್ತಿದ್ದ ಚಾಣಾಕ್ಷ. ರಾಜಕುಮಾರನಿಗೆ ವಿಷ ಹಾಕಿಸಿದ ಸಂಶಯದ ಮೇಲೆ ಅವನನ್ನು ಸೆರೆಗೆ ಹಾಕಿ ಕಣ್ಣು ಕೀಳಿಸಲಾಯಿತು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅದೇ ರಾಜ, ಅದೇ ಆಸ್ಥಾನ. ತಿಮ್ಮರಸುವಿಗೆ ಬುದ್ಧಿ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ರಾಜ ಅವನ ಮಾತು ಕೇಳುವುದನ್ನು ನಿಲ್ಲಿಸಿದ್ದ.