ನಡುಮನೆಯ ಚುರುಮುರಿ

ನಮ್ಮ ದೊಡ್ಡವ್ವ ಮೂವತ್ತು ವರ್ಷ ವಿಜಯಪುರದ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ, ನಿವೃತ್ತಳಾದ ಮೇಲೆ ಬಾಗಲಕೋಟೆಯ ನವನಗರದಲ್ಲಿರುವ ಮಗನ ಮನೆಗೆ ಹೋಗಿ ನೆಲೆಸಿದ್ದಾಳೆ. ಊರು ಬಿಟ್ಟಿದ್ದಕ್ಕೆ ಆಕೆ ಅಷ್ಟೇನೂ ಮರುಗಲಿಲ್ಲ. ಆದರೆ ನಮ್ಮೂರಿನ ವಾರಪತ್ರಿಕೆಯೊಂದರ ಕೊನೆಯ ಪುಟದಲ್ಲಿ ಬರುವ ಐದು ಸಾಲು ಐದು ಕಂಬಗಳ ಪುಟ್ಟ ಪದಬಂಧ ಅಲ್ಲಿ ಸಿಗುವುದಿಲ್ಲವೆಂಬ ಕೊರಗು ಮಾತ್ರ ಆಕೆಯನ್ನು ಬಿಡಲಿಲ್ಲ. ಹೀಗಾಗಿ ಪ್ರತಿ ಭಾನುವಾರ ಅದನ್ನು ಕಳಿಸಿಕೊಡುವ ಹೊಣೆ ನನ್ನ ಹೆಗಲೇರಿತು. ಪತ್ರಿಕೆ ನಮ್ಮದಲ್ಲ, ಪಕ್ಕದ ಮನೆಯವರದು. ಅವರು ಓದಿ ಮುಗಿಸಿದ ಮೇಲೆ ತಂದು, ಕತ್ತಲಾಗುವುದರೊಳಗೆ ಮರಳಿಸಬೇಕೆಂಬುದು ಕರಾರು.

ಮೊದಲ ವಾರ ನಾನು ಫೋಟೊ ಹೊಡೆದು ಕಳಿಸಿ ಕೈತೊಳೆದುಕೊಂಡೆ. ಹತ್ತು ನಿಮಿಷದಲ್ಲಿ ಫೋನು ಬಂತು. “ತಮ್ಮಾ, ಇದರಾಗ ಕರಿ ಮನಿ ಯಾವುದು, ಹಿಂದಿನ ಪುಟದ ಜಾಹೀರಾತು ಯಾವುದು, ನೀನರ ಹೇಳು ನೋಡೋಣ” ಎಂದಳು. ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. ಪತ್ರಿಕೆಯ ಕಾಗದ ಎಷ್ಟು ತೆಳುವೆಂದರೆ, ಬೆಳಕು ಅದರೊಳಗೆ ಹಾಯ್ದು ಕೆಳಗಿನ ಬಿಳಿ ಮೇಜುಬಟ್ಟೆಗೆ ತಾಗಿ ಹಿಂದಿರುಗುವಾಗ ಬೆನ್ನಿನ ಪುಟದ ದಪ್ಪಕ್ಷರಗಳ ನೆರಳನ್ನೂ ಹೊತ್ತು ತರುತ್ತದೆ, ಆ ನೆರಳು ಬಿದ್ದ ಖಾಲಿ ಮನೆಗಳೆಲ್ಲ ಫೋಟೊದಲ್ಲಿ ಬೂದು ಬಣ್ಣಕ್ಕೆ ತಿರುಗಿ ಕರಿಯ ಮನೆಗಳಂತೆ ಕಾಣುತ್ತವೆ. ಕಾಗದದ ಕೆಳಗೆ ಕಪ್ಪನೆಯದೇನನ್ನಾದರೂ ಹಾಸಿದರೆ ಹಾಯ್ದ ಬೆಳಕನ್ನು ಅದೇ ನುಂಗಿಬಿಡುತ್ತದೆ, ಪುಟವೆಲ್ಲ ಸ್ವಲ್ಪ ಮಬ್ಬಾದರೂ ಬೆನ್ನಿನ ಅಕ್ಷರಗಳು ಮಾಯವಾಗುತ್ತವೆ. ಮನೆಯಲ್ಲಿ ಸಿಕ್ಕ ಕಪ್ಪು ವಸ್ತುವೆಂದರೆ ಅಟ್ಟದ ಮೇಲಿದ್ದ ಕರಿಕಂಬಳಿಯೊಂದೇ. ಮೇ ತಿಂಗಳ ವಿಜಯಪುರದ ಬಿಸಿಲಿನಲ್ಲಿ ನಾನು ಕಂಬಳಿ ಹಾಸಿ, ಅದರ ಮೇಲೆ ಪತ್ರಿಕೆ ಮಲಗಿಸಿ, ಬಗ್ಗಿ ನಿಂತಿದ್ದನ್ನು ಕಂಡ ಮನೆಯಾಕೆ, “ಪೇಪರಿಗೆ ಚಳಿಜ್ವರ ಬಂದಾವೇನ್ರಿ?” ಎಂದು ಕೇಳಿ ಒಳಗೆ ಹೋದಳು.

ಎರಡನೆಯ ವಾರದ ಫೋಟೊ ಚೆನ್ನಾಗಿಯೇ ಬಂತು. ಆದರೂ ದೊಡ್ಡವ್ವನಿಗೆ ಒಗ್ಗಲಿಲ್ಲ. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದರೆ ಸುಳಿವು ಕಾಣುತ್ತದೆ, ಚೌಕಟ್ಟು ಓಡಿಹೋಗುತ್ತದೆ. ಕುಗ್ಗಿಸಿದರೆ ಚೌಕಟ್ಟು ಬರುತ್ತದೆ, ಸುಳಿವು ಇರುವೆಯ ಸಾಲಾಗುತ್ತದೆ. “ಫೋಟೊ ಬ್ಯಾಡ. ಸುಳಿವಿಗೆ ಅಂಕಿ ಹಾಕಿ ಬರಿ, ಚೌಕಟ್ಟು ಸಾಲಸಾಲಾಗಿ ಬರಿ. ನನ್ನ ವಹಿಯೊಳಗ ನಾ ಮನಿ ಕಟ್ಟಿಕೋತೀನಿ” ಎಂದು ಅಪ್ಪಣೆಯಾಯಿತು.

ಖಾಲಿ ಮನೆಯೆಂದರೆ ಖಾಲಿ ಜಾಗ ತಾನೆ ಎಂದು ನಾನು ಬಿಳಿಯ ಮನೆಗಳಿಗೆ ಬರೀ ತೆರಪು ಬಿಟ್ಟು, ಕರಿಯ ಮನೆಗಳಿಗೆ ಮಾತ್ರ ಗುರುತು ಹಾಕಿ ಕಳಿಸಿದೆ. ಸಂದೇಶದ ಮೊದಲಿಗಿದ್ದ ತೆರಪುಗಳನ್ನು ಫೋನು ನುಂಗಿತು, ನಡುವಿನ ತೆರಪುಗಳು ಗುರುತಿಗಿಂತ ಇಕ್ಕಟ್ಟಾದ್ದರಿಂದ ಕಂಬಗಳೆಲ್ಲ ಓರೆಯಾದವು. ಆಕೆಗೆ ತಲುಪಿದ್ದು ಪದಬಂಧವಲ್ಲ, ಗಾಳಿಗೆ ಬಿದ್ದ ಬೇಲಿ. ಕೊನೆಗೆ ಬಿಳಿಯ ಮನೆಗೊಂದು ಚುಕ್ಕೆ, ಕರಿಯ ಮನೆಗೊಂದು `#` ಎಂದು ಇಬ್ಬರೂ ಒಪ್ಪಂದಕ್ಕೆ ಬಂದೆವು. ಪ್ರತಿ ಸಾಲಿನಲ್ಲಿ ಐದೇ ಗುರುತು ಇರಬೇಕು. ಒಂದು ಹೆಚ್ಚಾದರೂ ಒಂದು ಕಡಿಮೆಯಾದರೂ ಎಣಿಸಿದ ಕೂಡಲೇ ಸಿಕ್ಕಿಬೀಳುತ್ತದೆ. ಆ ಧೈರ್ಯದ ಮೇಲೆ ಮೂರನೆಯ ವಾರ ನಾನು ಕಳಿಸಿದ್ದು ಹೀಗಿತ್ತು:

```
...#.
.#...
.....
...#.
.#...
```

ಮನೆಗಳೊಳಗಿನ ಅಂಕಿಗಳನ್ನು ನಾನು ಬರೆಯಲಿಲ್ಲ. ಸೋಮಾರಿತನವೆಂದು ಯಾರೂ ತಿಳಿಯಬಾರದು. ಅಂಕಿ ಬರೆಯುವ ಅಗತ್ಯ ನಿಜಕ್ಕೂ ಇರುವುದಿಲ್ಲ. ಮೇಲಿನ ಸಾಲಿನಿಂದ ಆರಂಭಿಸಿ ಎಡದಿಂದ ಬಲಕ್ಕೆ ಒಂದೊಂದೇ ಮನೆ ನೋಡುತ್ತ ಹೋಗಬೇಕು. ಯಾವ ಬಿಳಿಯ ಮನೆಯ ಎಡಕ್ಕೆ ಗೋಡೆಯೋ ಕರಿಯ ಮನೆಯೋ ಇದ್ದು ಬಲಕ್ಕೆ ಇನ್ನೊಂದು ಬಿಳಿಯ ಮನೆ ಇದೆಯೋ ಅಲ್ಲಿ ಅಡ್ಡಸಾಲಿನ ಪದ ಹುಟ್ಟುತ್ತದೆ. ಹಾಗೆಯೇ ಮೇಲೆ ತಡೆಯಿದ್ದು ಕೆಳಗೆ ದಾರಿಯಿದ್ದರೆ ಉದ್ದಸಾಲಿನ ಪದ ಹುಟ್ಟುತ್ತದೆ. ಎರಡರಲ್ಲಿ ಒಂದು ಹುಟ್ಟಿದರೂ ಆ ಮನೆಗೆ ಮುಂದಿನ ಅಂಕಿ ಸಲ್ಲುತ್ತದೆ. ದೊಡ್ಡವ್ವನಿಗೆ ಇದು ಬಾಯಿಪಾಠವಾಗಿರುವುದರಿಂದ ಆಕೆ ತನ್ನ ಚೌಕುಳಿ ವಹಿಯಲ್ಲಿ ಪೆನ್ಸಿಲಿನಿಂದ ತಾನೇ ಅಂಕಿ ಹಾಕಿಕೊಳ್ಳುತ್ತಾಳೆ. ಸುಳಿವುಗಳನ್ನು ಮಾತ್ರ ನಾನು ಅಕ್ಷರಸಂಖ್ಯೆಯೊಡನೆ ಬರೆದಿದ್ದೆ. ಅಡ್ಡಸಾಲಿನಲ್ಲಿ ಆರು: 1. ಗೌರಿ ಹಬ್ಬದಲ್ಲಿ ಮೊರದಲ್ಲಿಟ್ಟು ಕೊಡುವುದು (3), 4. ಕಮಲ (3), 6. ಶ್ರುತಿಯ ಸಂಗಾತಿ (2), 8. ಹೆದರಿಕೆ (2), 9. ಮೃದುವಾದದ್ದು (3), 11. ‘ಸಂ’ ಕಳೆದುಕೊಂಡ ವರ್ಷ (3). ಉದ್ದಸಾಲಿನಲ್ಲೂ ಆರು: 1. ಆಲಮಟ್ಟಿ ಹಿನ್ನೀರು ಒಂದಷ್ಟು ಭಾಗವನ್ನು ನುಂಗಿದ ಊರು (5), 2. ಹೊಸತು (2), 3. ಗೋಲಗುಮ್ಮಟದ ಊರು (5), 5. ಆಕಾಶ (2), 7. ಕೋಣವನ್ನೇರಿ ಬರುವವನು (2), 10. ಕುಶನ ಜೊತೆಗಾರ (2).

ಸಂಜೆ ಫೋನು ಬಂತು. “ತಮ್ಮಾ, ನಾ ಅಂಕಿ ಹಾಕಿದ್ರ ಒಂಬತ್ತಕ್ಕ ಮುಗಿತಾವ. ನಿನ್ನ ಸುಳಿವು ಹನ್ನೊಂದರ ತನಕ ಅದಾವ. ಎರಡು ಎಲ್ಲಿ ಹೋದುವು?”

ನಾನು ಸುಲಭಕ್ಕೆ ಸೋಲುವವನಲ್ಲ. ಈ ಪತ್ರಿಕೆಯ ಚೌಕಟ್ಟನ್ನು ತಲೆಕೆಳಗು ಮಾಡಿದರೂ ಕರಿಯ ಮನೆಗಳು ಇದ್ದಲ್ಲಿಯೇ ಇರುತ್ತವೆ ಎಂಬುದನ್ನು ಗಮನಿಸಿದ್ದ ನಾನು, ಕಳಿಸುವ ಮುಂಚೆಯೇ ಆ ಪರೀಕ್ಷೆ ಮಾಡಿದ್ದೆ. ಮೊದಲ ಸಾಲಿನ ನಾಲ್ಕನೆಯ ಮನೆಗೆ ಕೊನೆಯ ಸಾಲಿನ ಎರಡನೆಯದು ಜೋಡಿ, ಎರಡನೆಯ ಸಾಲಿನ ಎರಡನೆಯದಕ್ಕೆ ನಾಲ್ಕನೆಯ ಸಾಲಿನ ನಾಲ್ಕನೆಯದು ಜೋಡಿ. ಜೋಡಿಗಳೆಲ್ಲ ಸರಿಯಾಗಿ ಕೂಡಿವೆಯೆಂದು ಸ್ವಲ್ಪ ಗತ್ತಿನಿಂದಲೇ ತಿಳಿಸಿದೆ.

“ನಟ್ಟನಡುವಿನ ಮನಿಗೆ ಜೋಡಿ ಯಾರಪ್ಪಾ?” ಎಂದಳು.

ಆ ಮನೆಗೆ ಜೋಡಿಯಿಲ್ಲ. ಚೌಕಟ್ಟನ್ನು ಎಷ್ಟು ಸಲ ತಿರುಗಿಸಿದರೂ ಅದು ತನ್ನ ಮೇಲೆಯೇ ಬಂದು ಕೂರುತ್ತದೆ, ಆದ್ದರಿಂದ ಅದು ಕರಿಯದಿರಲಿ ಬಿಳಿಯದಿರಲಿ ನನ್ನ ಪರೀಕ್ಷೆ ‘ಪಾಸು’ ಎಂದೇ ಹೇಳುತ್ತದೆ. ಅಂಕಿಯ ಲೆಕ್ಕವಾದರೋ ಹಾಗೆ ಮರುಳಾಗುವಂಥದ್ದಲ್ಲ. ನಡುಮನೆ ಬಿಳಿಯದಾದರೆ ಮೂರನೆಯ ಸಾಲು ಆರಂಭದಿಂದ ಕೊನೆಯವರೆಗೆ ಒಂದೇ ಪದವಾಗುತ್ತದೆ, ಅದರ ಬಲತುದಿಯಲ್ಲಿ ಹುಟ್ಟಬೇಕಿದ್ದ ಎರಡಕ್ಷರದ ಎಂಟನೆಯ ಪದ ಹುಟ್ಟುವುದೇ ಇಲ್ಲ. ಮೂರನೆಯ ಕಂಬವೂ ತಡೆಯಿಲ್ಲದೆ ಇಳಿದು ಹತ್ತನೆಯದನ್ನು ನುಂಗುತ್ತದೆ. ಎರಡು ಅಂಕಿ ಹೋದದ್ದು ಅಲ್ಲಿಯೇ. ಹಾಗೆ ಹೋದದ್ದರಿಂದ ಉಳಿದವು ಮೇಲಕ್ಕೆ ಜರುಗಿ, ‘ಹೆದರಿಕೆ’ಯ ಎರಡಕ್ಷರ ನಾಲ್ಕನೆಯ ಸಾಲಿನ ಮೂರು ಮನೆಗಳ ಮುಂದೆ ನಿಂತು ನಿಜವಾಗಿಯೇ ಹೆದರಿಕೊಂಡಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಒಂಬತ್ತನೆಯ ಅಂಕಿ ಕೊನೆಯ ಸಾಲಿಗೆ ಹೋಗಿ ಬಿದ್ದಿತ್ತು, ಅಲ್ಲಿಯೂ ಮೂರೇ ಮನೆ. ಬೇರೆ ಯಾರಾದರೂ ಆಗಿದ್ದರೆ ‘ಕೋಮಲ’ವನ್ನು ಅಲ್ಲಿ ತುಂಬಿ ನಿಶ್ಚಿಂತರಾಗಿ ಮಲಗುತ್ತಿದ್ದರು.

ಪತ್ರಿಕೆ ಅಷ್ಟರಲ್ಲಿ ಪಕ್ಕದ ಮನೆಗೆ ಮರಳಿತ್ತು. ಚೌಕಟ್ಟನ್ನು ನೋಡಿ ಬರೆಯಲೆಂದು ನಾನು ಹೊಡೆದಿಟ್ಟುಕೊಂಡಿದ್ದ ಫೋಟೊವನ್ನು ಹಿಗ್ಗಿಸಿ ಕಣ್ಣು ಕಿರಿದು ಮಾಡಿ ನೋಡಿದೆ. ನಡುಮನೆಯ ತುಂಬ ಬೆಳ್ಳಗೆ, ಎರಡು ತುದಿ ಚೂಪಾದ, ಹೊಟ್ಟೆ ಉಬ್ಬಿದ ಏನೋ ಒಂದು ಮಲಗಿತ್ತು. ಅದರ ನಾಲ್ಕು ಮೂಲೆಗಳಲ್ಲಿ ಕರಿಯ ಚೂರುಗಳು ಇಣುಕುತ್ತಿದ್ದವು. ಫೋಟೊ ಹೊಡೆಯುವಾಗ ನನ್ನ ಎಡಗೈಯಲ್ಲಿ ಗಿರಮಿಟ್ಟಿನ ತಟ್ಟೆಯಿತ್ತೆಂಬುದು ಆಗ ನೆನಪಾಯಿತು. ಬಿದ್ದ ಚುರುಮುರಿಕಾಳು ಆ ಕಾಲಂಗುಲದ ಮನೆಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಈ ಸಂಗತಿಯನ್ನು ದೊಡ್ಡವ್ವನಿಗೆ ಹೇಳದೆ, “ಬೆಳಕು ಹೊಡೆದಿತ್ತು” ಎಂದಷ್ಟೇ ತಿಳಿಸಿ ಮೂರನೆಯ ಸಾಲನ್ನು `..#..` ಎಂದು ತಿದ್ದಿ ಕಳಿಸಿದೆ. ಅಂಕಿಗಳು ಸೊಗಸಾಗಿ ಹನ್ನೊಂದಕ್ಕೆ ಬಂದು ನಿಂತವು.

ಅರ್ಧ ತಾಸಿನಲ್ಲಿ ಮತ್ತೆ ಫೋನು. ಗೋಲಗುಮ್ಮಟದ ಊರಿಗೆ ನಾನು ಒಂದು ಮನೆ ಹೆಚ್ಚು ಕಟ್ಟಿಸಿದ್ದೇನೆಂಬ ಆಪಾದನೆ. “ವಿ-ಜಾ-ಪು-ರ. ನಾಕ ಮನಿ ಸಾಕು. ನೀ ಐದು ಬರದೀ” ಎಂದಳು. ಒಮ್ಮೆ ಸಿಕ್ಕಿಬಿದ್ದವನ ಮಾತನ್ನು ಯಾರೂ ನಂಬುವುದಿಲ್ಲವಾದ್ದರಿಂದ ಸುಳಿವಿನಲ್ಲೂ ಐದೇ ಇದೆಯೆಂದು ನಾನು ಎಷ್ಟು ಹೇಳಿದರೂ ಫಲವಾಗಲಿಲ್ಲ. 2014ರ ನವೆಂಬರ್ 1ರಿಂದ ಸರಕಾರದ ಕಾಗದಗಳಲ್ಲಿ ಊರಿನ ಹೆಸರು ವಿಜಯಪುರವೆಂದು ಬದಲಾಗಿದೆ, ಅದರೊಡನೆ ಒಂದು ಅಕ್ಷರವೂ ಬೆಳೆದಿದೆ ಎಂದು ನೆನಪಿಸಿದೆ. ಸ್ವಲ್ಪ ಹೊತ್ತು ಮೌನ. ‘ಭಯ’ದ ಯಕಾರ ಆ ಕಂಬದ ಮೂರನೆಯ ಮನೆಯಲ್ಲಿ ಆಗಲೇ ಕುಳಿತಿದ್ದನ್ನು ಆಕೆ ನೋಡಿರಬೇಕು. “ಅದಾವ ಬಿಡು” ಎಂದು ಫೋನಿಟ್ಟಳು.

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ರಜೆಗೆ ಬಂದವನು ನನ್ನ ಪರದಾಟ ನೋಡಿ, ಪದಗಳನ್ನು ಮನೆಗೊಂದರಂತೆ ಹಂಚುವ ಪುಟ್ಟ ಪ್ರೋಗ್ರಾಮು ಬರೆಯುತ್ತೇನೆಂದು ಕುಳಿತ. ಹನ್ನೊಂದನೆಯ ಉತ್ತರವಾದ ‘ವತ್ಸರ’ದ ಉದ್ದವನ್ನು ಆತ ಕೇಳಿದಾಗ ಬಂದದ್ದು ಇದು:

```
>>> len("ವತ್ಸರ")
5
```

ಪತ್ರಿಕೆಯವರೇ ತಪ್ಪು ಮಾಡಿದ್ದಾರೆ ಮಾಮಾ, ಮೂರಲ್ಲ ಐದು, ಎಂದ. ಯಂತ್ರವು ವ, ತ, ಒತ್ತಿಗಾಗಿ ನಡುವೆ ಸೇರುವ ಹಲಂತದ ಗುರುತು, ಸ, ರ ಎಂದು ಸಂಗ್ರಹದ ತುಣುಕುಗಳನ್ನು ಎಣಿಸುತ್ತದೆ. ಪದಬಂಧದ ಮನೆ ‘ತ್ಸ’ವನ್ನು ಒತ್ತಕ್ಷರ ಸಹಿತ ಒಂದೇ ಸಂಸಾರವೆಂದು ಒಳಗೆ ಬಿಟ್ಟುಕೊಳ್ಳುತ್ತದೆ. ಕಾಗುಣಿತದ ಗುರುತುಗಳೂ ಯಂತ್ರಕ್ಕೆ ಪ್ರತ್ಯೇಕವೇ ಆದ್ದರಿಂದ ಬಾಗಲಕೋಟೆಗೆ ಅದು ಎಂಟು ಮನೆ ಕೇಳಿತು. ಸುದ್ದಿ ಕೇಳಿದ ದೊಡ್ಡವ್ವ, ಅವನನ್ನು ಮೂರು ದಿನ ತನ್ನ ಹತ್ತಿರ ಕಳಿಸಲು ಹೇಳಿದಳು. ಸ್ಲೇಟು ತನ್ನ ಬಳಿಯೇ ಇದೆಯಂತೆ. ಆತ ಹೋಗಲಿಲ್ಲ, ಪ್ರೋಗ್ರಾಮೂ ಆಗಲಿಲ್ಲ. ನಾನು ಉತ್ತರಗಳನ್ನು ಅಕ್ಷರಕ್ಕೊಂದು ತೆರಪು ಬಿಟ್ಟು ಕೈಯಿಂದಲೇ ಬರೆಯುತ್ತೇನೆ. ಮರುದಿನ ಬೆಳಿಗ್ಗೆ ದೊಡ್ಡವ್ವ ಒಪ್ಪಿಸಿದ ಉತ್ತರವನ್ನು ಹಾಗೆ ಬರೆದುಕೊಂಡೆ:

```
ಬಾ ಗಿ ನ # ವಿ
ಗ # ವ ನ ಜ
ಲ ಯ # ಭ ಯ
ಕೋ ಮ ಲ # ಪು
ಟ # ವ ತ್ಸ ರ
```

ಕೊನೆಯ ಸಾಲಿನ ಮೊದಲ ಅಕ್ಷರ ನೋಡಿ ನಾನು, “ಟ ಅಲ್ಲ ದೊಡ್ಡವ್ವಾ, ಟೆ. ಬಾಗಲಕೋಟೆ” ಎಂದೆ. “ಇಲ್ಲಿ ಇರಾಕಿ ನಾನೋ ನೀನೋ? ಬಾಗಲಕೋಟ” ಎಂದಳು. ಎರಡಕ್ಕೂ ಐದೇ ಅಕ್ಷರ. ಎರಡು ಪದಗಳು ಹಾಯುವ ಮನೆಯಾಗಿದ್ದರೆ ಇನ್ನೊಂದು ಪದ ಸಾಕ್ಷಿ ಹೇಳುತ್ತಿತ್ತು. ಈ ಮೂಲೆಯ ಮನೆಗೆ ಬಲಕ್ಕೆ ಕರಿಯ ಮನೆ, ಕೆಳಗೆ ಗೋಡೆ, ಉದ್ದಸಾಲಿನ ಈ ಒಂದು ಪದ ಬಿಟ್ಟರೆ ಅದನ್ನು ಮುಟ್ಟುವವರೇ ಇಲ್ಲ. ಮುಂದಿನ ವಾರ ಅಚ್ಚಾಗುವ ಉತ್ತರವೇ ತೀರ್ಪು ಎಂದು ಇಬ್ಬರೂ ಒಪ್ಪಿದೆವು.

ಆ ಭಾನುವಾರ ನಾನು ಗಿರಮಿಟ್ಟಿನ ತಟ್ಟೆಯನ್ನು ಅಡುಗೆಮನೆಯಲ್ಲಿಯೇ ಬಿಟ್ಟು, ಕಂಬಳಿ ಕೊಡವಿ, ಕಾಗದ ಒರೆಸಿ, ಫೋನನ್ನು ಪುಟಕ್ಕೆ ಸಮನಾಗಿ ಹಿಡಿದು ಉತ್ತರದ ಫೋಟೊ ಹೊಡೆದು ಪತ್ರಿಕೆ ಮರಳಿಸಿ ಬಂದೆ. ಪಕ್ಕದ ಮನೆಯವರು ಆ ಹೊತ್ತಿಗೆ ಅದರ ಮೇಲೆ ಸಂಡಿಗೆ ಒಣಹಾಕಲು ಕಾಯುತ್ತಿದ್ದರು. ರಾತ್ರಿ ದೊಡ್ಡವ್ವನೆದುರು ಫೋಟೊ ತೆರೆದಾಗ ಇಪ್ಪತ್ತನಾಲ್ಕು ಮನೆಗಳು ಸ್ಫಟಿಕದಷ್ಟು ಸ್ವಚ್ಛವಾಗಿ ಕಂಡವು. ಎಡಗಡೆಯ ಕೆಳಗಿನ ಮೂಲೆಯಲ್ಲಿ, ಕಾಗದ ಅಲುಗದಂತೆ ಒತ್ತಿಹಿಡಿದ ನನ್ನ ಹೆಬ್ಬೆರಳಿತ್ತು.